ತಿಂಗಳ ಸಂಬಳದಿಂದ ಗಂಟೆಯ ದರ: ಓಟಿಗೆ 30ರಿಂದ ಭಾಗಿಸಬೇಕೋ, 26ರಿಂದಲೋ?

ಸಂಬಳ ತಿಂಗಳ ಲೆಕ್ಕದಲ್ಲಿ ಬರುತ್ತದೆ. ಓಟಿ, ಅಂದರೆ ನಿಗದಿತ ಸಮಯ ಮೀರಿ ಮಾಡಿದ ಕೆಲಸ, ಗಂಟೆಯ ಲೆಕ್ಕದಲ್ಲಿ ಬರುತ್ತದೆ. ಈ ಎರಡರ ನಡುವೆ ಒಂದು ಭಾಗಾಕಾರ ಇದೆ. ಓದುಗರು ನನಗೆ ಮತ್ತೆ ಮತ್ತೆ ಬರೆದು ಕೇಳುವುದು ಅದನ್ನೇ: "ಸಂಬಳವನ್ನು ಎಷ್ಟರಿಂದ ಭಾಗಿಸಬೇಕು?" ಒಬ್ಬರ ಆಫೀಸಿನಲ್ಲಿ 240 ಅನ್ನುತ್ತಾರೆ, ಇನ್ನೊಬ್ಬರ ಕಡೆ 208, ಮತ್ತೊಬ್ಬರ ಕಡೆ 173. ಮೂರೂ ಎಲ್ಲೋ ಒಂದು ಕಡೆ ಸರಿಯಾದ ಸಂಖ್ಯೆಗಳೇ. ಆದರೆ ನಿಮಗೆ ಸರಿಹೊಂದುವುದು ಒಂದೇ.

ಹೀಗೆ ಭಾಗಿಸುವ ಸಂಖ್ಯೆಯನ್ನು ಭಾಜಕ ಅನ್ನುತ್ತಾರೆ. ಸಂಬಳದ ಲೆಕ್ಕ ಮಾಡುವ ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಓಟಿಯ ಜಗಳಗಳಲ್ಲಿ ಎಲ್ಲರೂ "ಒಂದೂವರೆ ಪಟ್ಟೋ ಎರಡು ಪಟ್ಟೋ" ಎಂದು ವಾದಿಸುತ್ತಾರೆ. ದುಡ್ಡು ಸೋರುವುದು ಮಾತ್ರ ಹೆಚ್ಚಾಗಿ ಅದಕ್ಕೂ ಮೊದಲೇ, ಯಾರೂ ಕಣ್ಣು ಹಾಯಿಸದ ಭಾಜಕದಲ್ಲಿ. ಅದಕ್ಕೇ ಈ ಲೇಖನದಲ್ಲಿ ಭಾಜಕದ ಮೇಲೆ ಜಾಸ್ತಿ ನಿಲ್ಲುತ್ತೇನೆ.

ಕೈಯಲ್ಲಿ ಇರಬೇಕಾದದ್ದು ಇಷ್ಟು: ನೇಮಕಾತಿ ಪತ್ರ, ಒಂದು ತಿಂಗಳ ಸ್ಯಾಲರಿ ಸ್ಲಿಪ್, ಅದೇ ತಿಂಗಳ ಹಾಜರಿಯ ದಾಖಲೆ, ಒಂದು ಕ್ಯಾಲ್ಕುಲೇಟರ್.

ಲೇಖನದ ಉದ್ದಕ್ಕೂ ಒಂದೇ ಉದಾಹರಣೆ ಹಿಡಿದುಕೊಂಡು ಹೋಗೋಣ. ಯಾವ ದೇಶದ ಹಣವಾದರೂ ಲೆಕ್ಕ ಒಂದೇ, ಹಾಗಾಗಿ ಬರೀ ಸಂಖ್ಯೆ ಇಡುತ್ತೇನೆ. ಒಬ್ಬ ಮೆಷಿನ್ ಆಪರೇಟರ್. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಕೆಲಸ. ಒಂದು ದಿನ ವಾರದ ರಜೆ. ಈ ತಿಂಗಳು ಅವನು 27 ಗಂಟೆ 20 ನಿಮಿಷ ಓಟಿ ಮಾಡಿದ್ದಾನೆ. ನೇಮಕಾತಿ ಪತ್ರದಲ್ಲಿ ಓಟಿಗೆ ಎರಡು ಪಟ್ಟು ದರ ಎಂದು ಬರೆದಿದೆ.

1. ಮೊದಲು ಕಾನೂನು, ಆಮೇಲೆ ಒಪ್ಪಂದ, ಕೊನೆಗೆ ಲೆಕ್ಕ

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ನೀವಿರುವ ಕಡೆಯ ಕಾರ್ಮಿಕ ಕಾನೂನು ಭಾಜಕವನ್ನು ತಾನೇ ಹೇಳಿದೆಯಾ? ಹೇಳಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಇಂಡೋನೇಷ್ಯಾದಲ್ಲಿ ಗಂಟೆಯ ದರ ಅಂದರೆ ತಿಂಗಳ ಸಂಬಳದ 173ರಲ್ಲಿ ಒಂದು ಪಾಲು ಎಂದು ನಿಯಮವೇ ಇದೆ. ಸಿಂಗಾಪುರದಲ್ಲಿ ತಿಂಗಳ ಮೂಲ ವೇತನವನ್ನು 12ರಿಂದ ಗುಣಿಸಿ, 52 ಗುಣಿಸು 44ರಿಂದ ಭಾಗಿಸಬೇಕು. ಇಂಥ ಕಡೆ ನಮ್ಮ ನಿಮ್ಮ ತರ್ಕಕ್ಕೆ ಜಾಗವಿಲ್ಲ. ಸಂಖ್ಯೆ ಹಾಕಿ ಭಾಗಿಸಿದರೆ ಆಯಿತು.

ಕಾನೂನು ಸಂಖ್ಯೆ ಹೇಳದೆ "ಸಾಮಾನ್ಯ ವೇತನ ದರ" ಎಂದಷ್ಟೇ ಹೇಳಿ ಬಿಟ್ಟಿದ್ದರೆ, ನೇಮಕಾತಿ ಪತ್ರ ಅಥವಾ ಕಾರ್ಮಿಕ ಸಂಘದ ಜೊತೆಗಿನ ಒಪ್ಪಂದ ನೋಡಿ. ಅಲ್ಲೂ ಇಲ್ಲದಿದ್ದರೆ ಮುಂದಿನ ಹಂತಗಳು ನಿಮಗಾಗಿಯೇ ಇವೆ. ಒಪ್ಪಂದದಲ್ಲಿ ಒಂದು ಭಾಜಕ ಇದೆ, ಆದರೆ ಅದು ಕಾನೂನಿನ ಲೆಕ್ಕಕ್ಕಿಂತ ಕಡಿಮೆ ದರ ಕೊಡುತ್ತದೆ ಅಂದುಕೊಳ್ಳಿ. ಸಾಮಾನ್ಯವಾಗಿ ಕಾನೂನಿನ ಲೆಕ್ಕವೇ ಗೆಲ್ಲುತ್ತದೆ. ಕಾನೂನಿಗಿಂತ ಜಾಸ್ತಿ ಕೊಡುವ ಒಪ್ಪಂದಕ್ಕೆ ಮಾತ್ರ ಅಡ್ಡಿ ಇರುವುದಿಲ್ಲ.

ಇನ್ನೊಂದು ಮಾತು. ಮೇಲ್ವಿಚಾರಣೆ, ಆಡಳಿತದಂಥ ಕೆಲವು ಹುದ್ದೆಗಳಿಗೆ ಬಹಳ ಕಡೆ ಓಟಿಯ ಹಕ್ಕೇ ಇರುವುದಿಲ್ಲ. ನಿಮ್ಮ ಹುದ್ದೆ ಅದರಲ್ಲಿ ಬರುತ್ತದೋ ಎಂದು ಮೊದಲೇ ತಿಳಿದುಕೊಳ್ಳಿ. ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುವ ಕೆಲಸ ಇಲ್ಲಿ ಮುಖ್ಯವಾಗುತ್ತದೆ.

2. ಭಾಗಿಸಬೇಕಾದ ಮೊತ್ತ ಯಾವುದು?

ಸ್ಯಾಲರಿ ಸ್ಲಿಪ್ಪಿನ ಕೊನೆಯಲ್ಲಿರುವ ಮೊತ್ತವನ್ನು ನೇರವಾಗಿ ಎತ್ತಿಕೊಳ್ಳಬೇಡಿ. ಅದು ಕೈಗೆ ಬಂದ ಹಣ. ತೆರಿಗೆ, ಭವಿಷ್ಯ ನಿಧಿ, ಸಾಲದ ಕಂತು ಎಲ್ಲ ಕಳೆದು ಉಳಿದದ್ದು. ಗಂಟೆಯ ದರಕ್ಕೆ ಬೇಕಾದದ್ದು ಕಡಿತಕ್ಕೆ ಮೊದಲಿನ ಸಂಬಳ.

ಅದರಲ್ಲೂ ಎಲ್ಲ ಸಾಲುಗಳೂ ಬರುವುದಿಲ್ಲ. ನಮ್ಮ ಆಪರೇಟರ್‌ನ ಸ್ಲಿಪ್ ಹೀಗಿದೆ: ಮೂಲ ವೇತನ 33,000. ಪ್ರತಿ ತಿಂಗಳೂ ತಪ್ಪದೆ ಬರುವ ನಿಗದಿತ ಭತ್ಯೆ 8,600. ಬಿಲ್ ಕೊಟ್ಟು ಪಡೆದ ಪ್ರಯಾಣದ ಖರ್ಚು 2,500. ಹಿಂದಿನ ತಿಂಗಳ ಓಟಿ 3,200. ಒಟ್ಟು 47,300.

ಪ್ರಯಾಣದ 2,500 ಅವನ ದುಡಿಮೆಯ ಬೆಲೆ ಅಲ್ಲ. ಅವನ ಜೇಬಿನಿಂದ ಹೋದದ್ದು ವಾಪಸ್ ಬಂದಿದೆ, ಅಷ್ಟೇ. ಹಿಂದಿನ ಓಟಿಯನ್ನು ಸೇರಿಸಿದರೆ ಓಟಿಯ ಮೇಲೆ ಓಟಿ ಲೆಕ್ಕ ಹಾಕಿದಂತಾಗುತ್ತದೆ. ಈ ಎರಡನ್ನೂ ಬಿಡಿ. ಉಳಿದದ್ದು 33,000 ಮತ್ತು 8,600, ಒಟ್ಟು 41,600. ನಾವು ಭಾಗಿಸುವುದು ಇದನ್ನು.

ಇಲ್ಲಿ ಒಂದು ಎಚ್ಚರಿಕೆ. ನಿಗದಿತ ಭತ್ಯೆಯನ್ನು ಸೇರಿಸಬೇಕೋ ಬೇಡವೋ ಎಂಬುದರಲ್ಲಿ ಕಾನೂನುಗಳು ಬೇರೆ ಬೇರೆ. ಸಿಂಗಾಪುರದ ಸೂತ್ರ ಮೂಲ ವೇತನವನ್ನಷ್ಟೇ ತೆಗೆದುಕೊಳ್ಳುತ್ತದೆ. ಬೇರೆ ಹಲವು ಕಡೆ ಖಾಯಂ ಭತ್ಯೆಗಳೂ ಸೇರುತ್ತವೆ. ನಮ್ಮ ಉದಾಹರಣೆಯ ಒಪ್ಪಂದದಲ್ಲಿ ಭತ್ಯೆ ಸೇರುತ್ತದೆ ಎಂದು ಇಟ್ಟುಕೊಂಡಿದ್ದೇನೆ. ನಿಮ್ಮದರಲ್ಲಿ ಏನಿದೆ ಎಂದು ನೀವು ಓದಿಯೇ ತಿಳಿಯಬೇಕು. ಸುಮ್ನೆ ಊಹೆ ಮಾಡಬೇಡಿ.

3. ವಾರದ ನಿಜವಾದ ಕೆಲಸದ ಗಂಟೆ ಎಣಿಸಿ

ಭಾಜಕದ ಬೇರು ಇರುವುದು ವಾರದಲ್ಲಿ. ತಿಂಗಳಿಗೆ ಕೆಲವೊಮ್ಮೆ 28 ದಿನ, ಕೆಲವೊಮ್ಮೆ 31. ವಾರಕ್ಕೆ ಮಾತ್ರ ಯಾವಾಗಲೂ ಏಳೇ ದಿನ. ಹಾಗಾಗಿ ವಾರದಿಂದ ಶುರು ಮಾಡುವುದು ಒಳ್ಳೆಯದು.

ಸರಳವಾಗಿ ಕಾಣುವ ಈ ಹಂತದಲ್ಲೇ ಊಟದ ಬಿಡುವು ಬಂದು ಎಡವಿಸುತ್ತದೆ. ಬೆಳಿಗ್ಗೆ 9ಕ್ಕೆ ಬಂದು ಸಂಜೆ 6ಕ್ಕೆ ಹೋಗುವವರು "ನಂದು ಒಂಬತ್ತು ಗಂಟೆ ಕೆಲಸ" ಅನ್ನುತ್ತಾರೆ. ನಡುವೆ ಒಂದು ಗಂಟೆ ಊಟಕ್ಕೆ, ಅದಕ್ಕೆ ಸಂಬಳವಿಲ್ಲ ಎಂದಿದ್ದರೆ ಕೆಲಸ ಎಂಟೇ ಗಂಟೆ. ಅದನ್ನು ಮರೆತು ಒಂಬತ್ತು ಹಾಕಿದರೆ, ತಿಂಗಳ 26 ಕೆಲಸದ ದಿನಕ್ಕೆ ಭಾಜಕ 234 ಆಗುತ್ತದೆ. ಆಗ ದರ 177.78ಕ್ಕೆ ಇಳಿಯುತ್ತದೆ. ಎಂಟು ಹಾಕಿದರೆ ಅದೇ ದರ 200. ಅಂದರೆ ತನ್ನ ಗಂಟೆಗಳನ್ನು ಜಾಸ್ತಿ ಹೇಳಿಕೊಂಡವನೇ ತನ್ನ ದರ ಕಡಿಮೆ ಮಾಡಿಕೊಂಡ. ಬಿಡುವಿಗೂ ಸಂಬಳ ಇದೆ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿದ್ದರೆ ಮಾತ್ರ ಅದನ್ನು ಎಣಿಸಿ.

ವಾರ ವಾರಕ್ಕೂ ಗಂಟೆ ಬದಲಾಗುತ್ತಿದ್ದರೆ ಇಡೀ ಸುತ್ತಿನ ಸರಾಸರಿ ತೆಗೆಯಿರಿ. ಒಂದು ವಾರ ಆರು ದಿನ, ಮುಂದಿನ ವಾರ ಐದು ದಿನ ಕೆಲಸ ಇರುವವರಿಗೆ 48 ಮತ್ತು 40ರ ಸರಾಸರಿ 44 ಗಂಟೆ.

ನಮ್ಮ ಆಪರೇಟರ್‌ಗೆ ಆರು ದಿನ, ಎಂಟು ಗಂಟೆ. ವಾರಕ್ಕೆ 48.

4. ವಾರದಿಂದ ತಿಂಗಳಿಗೆ

ತಿಂಗಳಿಗೆ ನಾಲ್ಕು ವಾರ ಎಂದು ಲೆಕ್ಕ ಹಾಕಬೇಡಿ. ಹಾಗೆ ಮಾಡಿದರೆ ವರ್ಷಕ್ಕೆ 48 ವಾರ ಮಾತ್ರ ಆಗುತ್ತದೆ, ನಾಲ್ಕು ವಾರ ಎಲ್ಲೋ ಕಳೆದುಹೋಗುತ್ತವೆ. ಆಗ ಭಾಜಕ ಚಿಕ್ಕದಾಗಿ ದರ ಇರಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ. ನೌಕರರ ಕಡೆಯಿಂದ ಬರುವ ತಪ್ಪು ಲೆಕ್ಕಗಳಲ್ಲಿ ಇದೇ ಜಾಸ್ತಿ. ಇಂಥ ಒಂದು ತಪ್ಪು ಹಿಡಿದುಕೊಂಡು ಹೋದರೆ ನಿಮ್ಮ ಉಳಿದ ನ್ಯಾಯವಾದ ಮಾತನ್ನೂ ಯಾರೂ ಕೇಳುವುದಿಲ್ಲ.

ಸರಿಯಾದ ದಾರಿ: ವಾರದ ಗಂಟೆಯನ್ನು 52ರಿಂದ ಗುಣಿಸಿ, 12ರಿಂದ ಭಾಗಿಸಿ. 48 ಗುಣಿಸು 52, 2,496. ಇದು ವರ್ಷದ ಗಂಟೆ. ಅದನ್ನು 12ರಿಂದ ಭಾಗಿಸಿದರೆ 208. ತಿಂಗಳಿಗೆ 26 ಕೆಲಸದ ದಿನ, ದಿನಕ್ಕೆ 8 ಗಂಟೆ ಎಂದರೂ 208ಕ್ಕೇ ಬರುತ್ತದೆ. 26 ಎಂಬ ಸಂಖ್ಯೆ ಹುಟ್ಟಿದ್ದೇ ಹೀಗೆ: ವಾರಕ್ಕೆ ಆರು ದಿನದಂತೆ 52 ವಾರಕ್ಕೆ 312 ದಿನ, ಅದರ ಹನ್ನೆರಡರಲ್ಲಿ ಒಂದು ಪಾಲು 26.

ಇದನ್ನು ಚೆನ್ನಾಗಿ ನೆನಪಿಡಿ, ಯಾಕೆಂದರೆ 26 ಆರು ದಿನದ ವಾರದವರ ಸಂಖ್ಯೆ. ವಾರಕ್ಕೆ ಐದೇ ದಿನ, ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ ವಾರಕ್ಕೆ 40 ಗಂಟೆ, ಭಾಜಕ 173.33. ಅವರ ಸಂಬಳವೂ 41,600 ಆಗಿದ್ದರೆ ಗಂಟೆಗೆ 240 ಬರಬೇಕು. ಆಫೀಸಿನವರು ಅಭ್ಯಾಸಬಲದಿಂದ ಅವರಿಗೂ 26 ದಿನ, 208 ಗಂಟೆ ಹಾಕಿದರೆ 200 ಮಾತ್ರ ಸಿಗುತ್ತದೆ. ಗಂಟೆಗೆ 40 ಹೋಯಿತು. ಕೆಲಸದ ವಾರ ಆರರಿಂದ ಐದು ದಿನಕ್ಕೆ ಇಳಿದ ಮೇಲೂ ಹಳೆಯ ಭಾಜಕವನ್ನೇ ಮುಂದುವರಿಸಿದ ಕಡೆ ಈ ತಪ್ಪು ಸಿಗುತ್ತದೆ. 44 ಗಂಟೆಯವರಿಗೆ ಭಾಜಕ 190.67, ಇದೇ ಸಂಬಳಕ್ಕೆ ದರ 218.18.

ವರ್ಷಕ್ಕೆ ಸರಿಯಾಗಿ 52 ವಾರ ಇಲ್ಲವಲ್ಲ, ಒಂದು ದಿನ ಜಾಸ್ತಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ನಿಜ. ಆ ದಿನವನ್ನೂ ಸೇರಿಸಿದರೆ 208 ಇದ್ದದ್ದು 208.57 ಆಗುತ್ತದೆ, ದರ 200ರಿಂದ 199.45ಕ್ಕೆ ಬರುತ್ತದೆ. ಯಾವುದನ್ನಾದರೂ ಹಿಡಿಯಿರಿ, ಎಲ್ಲರಿಗೂ ಎಲ್ಲ ತಿಂಗಳೂ ಅದನ್ನೇ ಹಿಡಿಯಿರಿ. ಜಗಳ ಆಡಲು ಇದು ತಕ್ಕ ಜಾಗವಲ್ಲ.

5. ವಾರದ ರಜೆಯ ದಿನ ಲೆಕ್ಕದಲ್ಲಿ ಇದೆಯೋ ಇಲ್ಲವೋ

ಈಗ ಮುಖ್ಯ ವಿಷಯಕ್ಕೆ ಬಂದೆವು. ತುಂಬ ಕಡೆ ಭಾಜಕ 240 ಯಾಕೆ ಹಾಕುತ್ತಾರೆ? 30 ದಿನ, 8 ಗಂಟೆ. ಅಂದರೆ ವಾರದ ರಜೆಯ ದಿನವೂ ನೀವು ಎಂಟು ಗಂಟೆ ದುಡಿದಿದ್ದೀರಿ ಎಂದು ಎಣಿಸಿದ ಹಾಗೆ. ನಮ್ಮ ಆಪರೇಟರ್‌ನ 41,600ನ್ನು 240ರಿಂದ ಭಾಗಿಸಿದರೆ ಗಂಟೆಗೆ 173.33. 208ರಿಂದ ಭಾಗಿಸಿದರೆ 200. ಒಂದೇ ಮನುಷ್ಯ, ಒಂದೇ ಸಂಬಳ, ಒಂದೇ ಕೆಲಸ. ಗಂಟೆಗೆ 26.67 ವ್ಯತ್ಯಾಸ.

ಇದರಲ್ಲಿ ಯಾವುದು ಸರಿ? ಒಂದೇ ಒಂದು ಪ್ರಶ್ನೆ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಮೇಲಿರುವ ಸಂಬಳ ಯಾವ ಗಂಟೆಗಳಿಗಾಗಿ ಕೊಟ್ಟದ್ದು? ಆ ಗಂಟೆಗಳೇ ಕೆಳಗೆ ಬರಬೇಕು. ಸಂಬಳ ಕೆಲಸದ ಗಂಟೆಗಳಿಗಷ್ಟೇ ಎಂದಿದ್ದರೆ ಭಾಜಕದಲ್ಲಿ ಕೆಲಸದ ಗಂಟೆ ಮಾತ್ರ ಇರಬೇಕು. ವಾರದ ರಜೆಯ ದಿನಕ್ಕೂ ಸಂಬಳ ಸೇರಿದೆ ಎಂದು ಕಾನೂನು ಅಥವಾ ಒಪ್ಪಂದ ಹೇಳಿದ್ದರೆ ಮಾತ್ರ ಆ ಗಂಟೆಗಳೂ ಭಾಜಕಕ್ಕೆ ಬರುತ್ತವೆ.

ರಜೆಯ ದಿನವನ್ನು ಸೇರಿಸುವ ಕಾನೂನುಗಳು ನಿಜಕ್ಕೂ ಇವೆ. ದಕ್ಷಿಣ ಕೊರಿಯಾದಲ್ಲಿ 40 ಗಂಟೆಯ ವಾರಕ್ಕೆ ಭಾಜಕ 209. ಅಲ್ಲಿ ವಾರವಿಡೀ ಕೆಲಸ ಮಾಡಿದವನಿಗೆ ಒಂದು ದಿನದ ಸಂಬಳಸಹಿತ ರಜೆಯ ಹಕ್ಕಿದೆ. ಆ ಎಂಟು ಗಂಟೆಯನ್ನೂ ಸೇರಿಸಿ ವಾರಕ್ಕೆ 48 ಎಂದು ಎಣಿಸುತ್ತಾರೆ. ಬ್ರೆಜಿಲ್‌ನಲ್ಲಿ 44 ಗಂಟೆಯ ವಾರಕ್ಕೆ 220. ಅಲ್ಲಿ 44ನ್ನು ಆರು ದಿನಕ್ಕೆ ಹಂಚಿ, ಬಂದದ್ದನ್ನು 30ರಿಂದ ಗುಣಿಸುತ್ತಾರೆ. ಫ್ರಾನ್ಸ್‌ನಲ್ಲಿ 35 ಗಂಟೆಯ ವಾರಕ್ಕೆ 151.67. ಇಲ್ಲಿ ರಜೆಯ ದಿನ ಸೇರಿಲ್ಲ, 35 ಗುಣಿಸು 52, ಭಾಗಿಸು 12 ಅಷ್ಟೇ.

ಒಂದು ಸೂಕ್ಷ್ಮ ಗಮನಿಸಿದಿರಾ? ನಮ್ಮ ಆಪರೇಟರ್‌ನ 208, ಕೊರಿಯಾದ 209. ನೋಡಲು ಅಕ್ಕಪಕ್ಕದ ಸಂಖ್ಯೆಗಳು. ಒಳಗಿನ ಅರ್ಥ ಪೂರ್ತಿ ಬೇರೆ. ಇವನು ವಾರಕ್ಕೆ 48 ಗಂಟೆ ದುಡಿಯುತ್ತಾನೆ. ಅಲ್ಲಿಯವನು 40 ಗಂಟೆ ದುಡಿಯುತ್ತಾನೆ, ಎಂಟು ಗಂಟೆ ಸಂಬಳಸಹಿತ ವಿಶ್ರಾಂತಿ. ಹಾಗಾಗಿ ಬೇರೆ ಕಡೆಯ ಭಾಜಕವನ್ನು ಕಣ್ಣಾರೆ ನೋಡಿದೆ ಎಂದು ಎತ್ತಿ ತಂದು ಹಾಕಬೇಡಿ. ಅದು ಯಾವ ವಾರದಿಂದ, ಯಾವ ರಜೆಯ ನಿಯಮದಿಂದ ಹುಟ್ಟಿತು ಎಂದು ಬಿಡಿಸಿ ನೋಡಿ.

ಅಂಥ ಯಾವ ನಿಯಮವೂ ಇಲ್ಲದ ಕಡೆ 240 ಹಾಕಿದರೆ ಏನಾಗುತ್ತದೆ ಎಂದು ನೋಡಲು ಎರಡು ಪರೀಕ್ಷೆ ಇವೆ. ಇವನ್ನು ನೀವೇ ಮಾಡಬಹುದು.

ಮೊದಲನೆಯದು ತಿರುಗಿ ಗುಣಿಸುವುದು. ಗಂಟೆಯ ದರವನ್ನು ವರ್ಷದ ಮಾಮೂಲಿ ಕೆಲಸದ ಗಂಟೆಗಳಿಂದ ಗುಣಿಸಿ. ವರ್ಷದ ಸಂಬಳ ವಾಪಸ್ ಬರಬೇಕು. 200 ಗುಣಿಸು 2,496 ಅಂದರೆ 4,99,200. ತಿಂಗಳಿಗೆ 41,600ರಂತೆ ಹನ್ನೆರಡು ತಿಂಗಳ ಸಂಬಳವೂ ಅದೇ. ತಾಳೆ ಆಯಿತು. ಈಗ 173.33ರ ದರವನ್ನು ದಶಮಾಂಶ ಕತ್ತರಿಸದೆ ಹಾಕಿ ನೋಡಿ. 4,32,640ಕ್ಕೆ ನಿಲ್ಲುತ್ತದೆ. 66,560 ಕಾಣೆಯಾಗಿದೆ. ಆ ಹಣ ಅವನ ಸಂಬಳದಲ್ಲಿ ಇದೆ, ಆದರೆ ಅವನ ಗಂಟೆಯ ಬೆಲೆಯಲ್ಲಿ ಇಲ್ಲ. ಅವನು ಮನೆಯಲ್ಲಿದ್ದ ದಿನಗಳಿಗೆ ಅದನ್ನು ಹಂಚಿಬಿಟ್ಟಿದ್ದಾರೆ.

ಎರಡನೆಯದು ಕಡಿತದ ಪರೀಕ್ಷೆ. ನನಗೆ ಇದೇ ಹೆಚ್ಚು ಇಷ್ಟ, ಯಾಕೆಂದರೆ ವಾದವೇ ಬೇಕಾಗುವುದಿಲ್ಲ. ನೀವು ಒಂದು ದಿನ ಸಂಬಳವಿಲ್ಲದ ರಜೆ ಹಾಕಿದಾಗ ಎಷ್ಟು ಕಳೆದರು ಎಂದು ಹಳೆಯ ಸ್ಲಿಪ್‌ನಲ್ಲಿ ಹುಡುಕಿ. 41,600ಕ್ಕೆ 1,600 ಕಳೆದಿದ್ದರೆ ಅವರು 26ರಿಂದ ಭಾಗಿಸಿದ್ದಾರೆ. ಅದೇ ಆಫೀಸು ಓಟಿಗೆ 30ರಿಂದ ಭಾಗಿಸಿದರೆ ದಿನದ ಬೆಲೆ 1,386.67. ಅಂದರೆ ನೀವು ಬರದಿದ್ದಾಗ ನಿಮ್ಮ ದಿನಕ್ಕೆ ಒಂದು ಬೆಲೆ, ಜಾಸ್ತಿ ದುಡಿದಾಗ ಕಡಿಮೆ ಬೆಲೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಕಡೆ ಇದೇ ಪದ್ಧತಿ ಇತ್ತು. ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಟ್ಟ ದಿನ ನನಗೆ ತುಂಬ ಬೇಸರವಾಯಿತು. ಯಾರೂ ಕೂತು ಮೋಸ ಮಾಡಿದ್ದಲ್ಲ. ಎರಡು ಲೆಕ್ಕ ಎರಡು ಮೇಜಿನಲ್ಲಿ ಆಗುತ್ತಿದ್ದವು, ಒಂದನ್ನು ಇನ್ನೊಂದರ ಜೊತೆ ಯಾರೂ ಹೋಲಿಸಿರಲಿಲ್ಲ.

ಕಡಿತವೂ 30ರಿಂದಲೇ ಆಗಿದ್ದರೆ ಪದ್ಧತಿಯಲ್ಲಿ ಕನಿಷ್ಠ ಒಂದು ಹೊಂದಾಣಿಕೆ ಇದೆ ಎಂದು ಹೇಳಬಹುದು. ಆದರೂ ಮೊದಲ ಪರೀಕ್ಷೆಯ ಕೊರತೆ ಉಳಿಯುತ್ತದೆ. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆಯೋ ಇಲ್ಲವೋ ನೋಡಬೇಕಾಗುತ್ತದೆ.

6. ಆಯಾ ತಿಂಗಳ ಕೆಲಸದ ದಿನದಿಂದ ಭಾಗಿಸಿದರೆ?

ಕೆಲವರು ಸ್ಥಿರ ಭಾಜಕವೇ ಬೇಡ, ಈ ತಿಂಗಳು ಎಷ್ಟು ಕೆಲಸದ ದಿನ ಇತ್ತೋ ಅಷ್ಟರಿಂದ ಭಾಗಿಸೋಣ ಅನ್ನುತ್ತಾರೆ. ಕೇಳಲು ನ್ಯಾಯವಾಗಿದೆ, ಅಲ್ವಾ? ಆದರೆ 24 ಕೆಲಸದ ದಿನದ ಫೆಬ್ರವರಿಯಲ್ಲಿ ಭಾಜಕ 192, ದರ 216.67. 27 ಕೆಲಸದ ದಿನದ ತಿಂಗಳಲ್ಲಿ ಭಾಜಕ 216, ದರ 192.59. ಅದೇ ಮೆಷಿನ್ ಮುಂದೆ ಅದೇ ಗಂಟೆ ನಿಂತರೂ ತಿಂಗಳು ನೋಡಿ ಬೆಲೆ ಏರಿಳಿಯುತ್ತದೆ. ಕೆಲಸ ಜಾಸ್ತಿ ಇರುವ ಉದ್ದದ ತಿಂಗಳಿನಲ್ಲೇ ಓಟಿಯೂ ಜಾಸ್ತಿ ಇದ್ದರೆ, ನಷ್ಟ ನೌಕರನಿಗೆ.

ಈ ತೊಂದರೆ ತಪ್ಪಿಸಲು ವರ್ಷದ ಸರಾಸರಿ ಹಿಡಿಯುತ್ತಾರೆ. ತಿಂಗಳಿಂದ ತಿಂಗಳಿಗೆ ಗಂಟೆ ಬದಲಾಗುವ ಕಡೆ ಜಪಾನಿನ ನಿಯಮವೂ ಇದೇ. ವರ್ಷದ ಒಟ್ಟು ನಿಗದಿತ ಗಂಟೆಯನ್ನು 12ರಿಂದ ಭಾಗಿಸಿ ಸರಾಸರಿ ತಿಂಗಳ ಗಂಟೆ ತೆಗೆಯುತ್ತಾರೆ. ವರ್ಷಕ್ಕೆ 125 ದಿನ ರಜೆ ಇರುವ, ದಿನಕ್ಕೆ ಎಂಟು ಗಂಟೆಯ ಕೆಲಸಕ್ಕೆ 240 ದಿನ, 1,920 ಗಂಟೆ, ತಿಂಗಳಿಗೆ 160.

ಈ ದಾರಿಯಲ್ಲಿ ಹಬ್ಬದ ರಜೆಗಳ ಪ್ರಶ್ನೆಗೂ ಉತ್ತರ ಇದೆ. ನಮ್ಮ ಆಪರೇಟರ್‌ಗೆ ವರ್ಷಕ್ಕೆ ಹತ್ತು ಸಂಬಳಸಹಿತ ಹಬ್ಬದ ರಜೆ ಇದ್ದರೆ, ನಿಜವಾಗಿ ದುಡಿಯುವ ಗಂಟೆ 2,496ರಿಂದ 80 ಕಡಿಮೆ, ಅಂದರೆ 2,416. ತಿಂಗಳಿಗೆ 201.33, ದರ 206.62. ಆ 80 ಗಂಟೆಯನ್ನು ಕಳೆಯಬೇಕು ಎಂದು ಕಾನೂನೋ ಒಪ್ಪಂದವೋ ಹೇಳಿದ್ದರೆ ಕಳೆಯಿರಿ. ಏನೂ ಹೇಳಿಲ್ಲದಿದ್ದರೆ 208ರಲ್ಲೇ ನಿಲ್ಲುವುದು ನನ್ನ ಸಲಹೆ. ಅದನ್ನು ಸಮರ್ಥಿಸುವುದು ಸುಲಭ, ಪ್ರತಿ ವರ್ಷ ರಜೆ ಪಟ್ಟಿ ಬಂದಾಗಲೆಲ್ಲ ದರ ಬದಲಿಸುವ ಕೆಲಸವೂ ಇಲ್ಲ.

7. ಓಟಿ ಸಮಯವನ್ನು ಸರಿಯಾದ ಸಂಖ್ಯೆಗೆ ತನ್ನಿ

ಹಾಜರಿ ಪುಸ್ತಕದಲ್ಲಿ 27 ಗಂಟೆ 20 ನಿಮಿಷವನ್ನು 27.20 ಎಂದು ಬರೆದಿರುತ್ತಾರೆ. ಅದನ್ನು ಹಾಗೇ ಕ್ಯಾಲ್ಕುಲೇಟರ್‌ಗೆ ಒತ್ತಿದರೆ ತಪ್ಪು. ಗಂಟೆಗೆ 60 ನಿಮಿಷ, 100 ಅಲ್ಲ. 20 ನಿಮಿಷ ಅಂದರೆ ಗಂಟೆಯ ಮೂರನೇ ಒಂದು ಪಾಲು, ಹಾಗಾಗಿ ಒತ್ತಬೇಕಾದದ್ದು 27 + 20/60, ಅಂದರೆ ಸುಮಾರು 27.33. ನಿಮಿಷವನ್ನು 60ರಿಂದ ಭಾಗಿಸಿ ಸೇರಿಸಿದರೆ ಸಾಕು.

ಸ್ಪ್ರೆಡ್‌ಶೀಟಿನಲ್ಲಿ ಇನ್ನೊಂದು ಬಲೆ ಇದೆ. 27:20 ಎಂದು ಹಾಕಿದರೆ ಅದು ಒಳಗೆ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ನೇರ ದರದಿಂದ ಗುಣಿಸಿದರೆ 24ರಲ್ಲಿ ಒಂದು ಪಾಲು ಹಣ ಮಾತ್ರ ಕಾಣುತ್ತದೆ. ಅದಕ್ಕೇ 24ರಿಂದ ಗುಣಿಸಬೇಕು:

```
B1: 41600
B2: 48
B3: =B2*52/12
B4: =B1/B3
B5: 27:20
B6: 2
B7: =ROUND(B4*B5*24*B6, 2)
```

`B1` ಸಂಬಳ, `B2` ವಾರದ ಗಂಟೆ, `B3` ಭಾಜಕ, `B4` ಗಂಟೆಯ ದರ, `B5` ಓಟಿ ಸಮಯ, `B6` ಎಷ್ಟು ಪಟ್ಟು, `B7` ಬರಬೇಕಾದ ಹಣ. `B5`ಗೆ `[h]:mm` ಎಂಬ ಫಾರ್ಮ್ಯಾಟ್ ಕೊಡಿ. ಇಲ್ಲದಿದ್ದರೆ 24 ಗಂಟೆ ದಾಟಿದ ಸಮಯ ಕೆಲವು ಕಡೆ 3:20 ಎಂದು ಕಾಣಿಸಿ ಗಾಬರಿಪಡಿಸುತ್ತದೆ.

ದಶಮಾಂಶವನ್ನು ಎರಡು ಅಂಕಿಗೆ ಇಳಿಸುವ ಕೆಲಸ ಕೊನೆಯ ಸಾಲಿನಲ್ಲಿ ಮಾತ್ರ ಇದೆ, ನೋಡಿ. ಭಾಜಕವನ್ನು ಒಮ್ಮೆ, ದರವನ್ನು ಒಮ್ಮೆ, ಗಂಟೆಯನ್ನು ಒಮ್ಮೆ ಎಂದು ದಾರಿಯುದ್ದಕ್ಕೂ ಕತ್ತರಿಸುತ್ತ ಬಂದರೆ ಕೊನೆಯ ಮೊತ್ತ ತಾಳೆಯಾಗುವುದಿಲ್ಲ.

8. ಪಟ್ಟು ಹಾಕಿ, ಅದು ನಿಜವಾಗಿ ಎಷ್ಟು ಪಟ್ಟು ಎಂದು ನೋಡಿ

ದರ 200, ಎರಡು ಪಟ್ಟು ಅಂದರೆ ಓಟಿಯ ಗಂಟೆಗೆ 400. 27 ಗಂಟೆ 20 ನಿಮಿಷಕ್ಕೆ 10,933.33. ಇದು ನಮ್ಮ ಆಪರೇಟರ್‌ಗೆ ಬರಬೇಕಾದ ಹಣ.

27.20 ಎಂದು ಒತ್ತಿದ್ದರೆ 10,880 ಬರುತ್ತಿತ್ತು. 53.33 ಕಡಿಮೆ. ಭಾಜಕ 240 ಹಾಕಿದ್ದರೆ 9,475.56. ಇಲ್ಲಿ ಕೊರತೆ 1,457.78, ಒಂದೇ ತಿಂಗಳಿಗೆ.

240 ಹಾಕಿದ ಆಫೀಸಿನ ಸ್ಲಿಪ್ಪಿನಲ್ಲಿ "ಓಟಿ, 2 ಪಟ್ಟು" ಎಂದೇ ಅಚ್ಚಾಗಿರುತ್ತದೆ. ಅವರು ಗಂಟೆಗೆ ಕೊಟ್ಟದ್ದು 346.67. ನಿಜವಾದ ದರ 200ಕ್ಕೆ ಹೋಲಿಸಿದರೆ ಅದು 1.73 ಪಟ್ಟು. ಒಂದೂವರೆ ಪಟ್ಟಿನ ನಿಯಮ ಇರುವ ಕಡೆ ಇದೇ ಭಾಜಕ ಹಾಕಿದರೆ 260, ಅಂದರೆ 1.3 ಪಟ್ಟು. ಬರೆದಿರುವ ಪಟ್ಟು ಬೇರೆ, ಕೈಗೆ ಬಂದ ಪಟ್ಟು ಬೇರೆ. ನಿಮ್ಮ ಸ್ಲಿಪ್ಪಿನ ಓಟಿ ಹಣವನ್ನು ಓಟಿ ಗಂಟೆಗಳಿಂದ ಭಾಗಿಸಿ, ಬಂದದ್ದನ್ನು 4ನೇ ಹಂತದ ಭಾಜಕದಿಂದ ತೆಗೆದ ದರದಿಂದ ಭಾಗಿಸಿ. ನಿಮಗೆ ನಿಜವಾಗಿ ಸಿಗುತ್ತಿರುವ ಪಟ್ಟು ಅದೇ.

9. ಕೇಳುವಾಗ ಹೀಗೆ ಕೇಳಿ

ವ್ಯತ್ಯಾಸ ಕಂಡರೆ ಮೊದಲು ಲೆಕ್ಕದ ವಿಭಾಗಕ್ಕೆ ಬರವಣಿಗೆಯಲ್ಲಿ ಕೇಳಿ. "ನನಗೆ ಓಟಿ ಕಡಿಮೆ ಬಂದಿದೆ" ಎಂದು ಬರೆದರೆ "ನಿಯಮದ ಪ್ರಕಾರ ಕೊಟ್ಟಿದ್ದೇವೆ" ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಇಷ್ಟು ಬರೆಯಿರಿ:

"ಈ ತಿಂಗಳ ನನ್ನ ಓಟಿಗೆ ಯಾವ ಮೊತ್ತವನ್ನು ಯಾವ ಭಾಜಕದಿಂದ ಭಾಗಿಸಿದ್ದೀರಿ, ಆ ಭಾಜಕ ಯಾವ ನಿಯಮದಿಂದ ಬಂದಿದೆ ಎಂದು ದಯವಿಟ್ಟು ತಿಳಿಸಿ. ನನ್ನ ವಾರದ ನಿಗದಿತ ಕೆಲಸ 48 ಗಂಟೆ. ಅದರ ಪ್ರಕಾರ ತಿಂಗಳಿಗೆ 208 ಗಂಟೆ, ಗಂಟೆಗೆ 200 ಬರುತ್ತದೆ. ಸಂಬಳವಿಲ್ಲದ ರಜೆಗೆ ದಿನಕ್ಕೆ 1,600 ಕಡಿತ ಮಾಡಿದ್ದೂ ಇದೇ ಲೆಕ್ಕಕ್ಕೆ ತಾಳೆಯಾಗುತ್ತದೆ."

ಕಡಿತ ಕಾಣುವ ಸ್ಲಿಪ್ಪಿನ ಪ್ರತಿಯನ್ನು ಜೊತೆಗೆ ಇಡಿ. ಭಾಜಕ ತಪ್ಪಿದೆ ಎಂದು ಅವರು ಒಪ್ಪಿದರೆ, ಅದು ಒಂದು ತಿಂಗಳ ತಪ್ಪಾಗಿರುವುದಿಲ್ಲ. ಹಿಂದಿನ ತಿಂಗಳುಗಳಲ್ಲೂ ಅದೇ ಭಾಜಕ ನಡೆದಿರುತ್ತದೆ. ಬಾಕಿ ಕೇಳಲು ಕಾನೂನಿನಲ್ಲಿ ಕಾಲಮಿತಿ ಇರುತ್ತದೆ, ಎಷ್ಟು ಹಿಂದಿನ ತಿಂಗಳವರೆಗೆ ಕೇಳಬಹುದು ಎಂದು ಮೊದಲು ನೋಡಿ. ಆಮೇಲೆ ಪ್ರತಿ ತಿಂಗಳಿಗೂ ಒಂದೊಂದು ಸಾಲು ಮಾಡಿ: ಆ ತಿಂಗಳ ಸಂಬಳ, ಓಟಿ ಗಂಟೆ, ಬರಬೇಕಾದದ್ದು, ಬಂದದ್ದು, ವ್ಯತ್ಯಾಸ. ನಡುವೆ ಸಂಬಳ ಏರಿದ್ದರೆ ಆಯಾ ತಿಂಗಳ ಸಂಬಳವನ್ನೇ ಹಾಕಬೇಕು, ಈಗಿನದ್ದನ್ನು ಹಳೆಯ ತಿಂಗಳಿಗೆ ಹಾಕಬಾರದು.